ಗೋಡೆಯ ಮೇಲಿನ ಐ

ಹೋದ ವಾರ ಬಾಗಲಕೋಟೆಯ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ನನ್ನ ಕಣ್ಣಿಗೆ ಔಷಧ ಬಿಟ್ಟು, ಮುಚ್ಚಿಕೊಂಡು ಕೂಡಬೇಕೆಂದು ಹೇಳಿ ಹೋದಳು. ಹೇಳಿದ ಮಾತು ಕೇಳುವ ಸ್ವಭಾವ ನನ್ನದಲ್ಲ. ಉರಿಯುವ ಕಣ್ಣನ್ನು ಪಿಳಿಪಿಳಿ ಬಿಡುತ್ತ ಎದುರಿನ ಬೋರ್ಡು ಓದಿದೆ: 'ಪೇಷಂಟ್ಸ್ ಡೈಲೇಷನ್ ಆದ ನಂತರ ಡ್ರೈವಿಂಗ್ ಅವಾಯ್ಡ್ ಮಾಡಿ.' ಅಕ್ಷರವೆಲ್ಲ ಕನ್ನಡವೇ. ಪದಗಳಲ್ಲಿ ಕನ್ನಡದ್ದು ಆದ, ನಂತರ, ಮಾಡಿ, ಇಷ್ಟೇ. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಎದ್ದು ಅಡ್ಡಾಡಿದೆ, ಮತ್ತೆ ಕೂತೆ, ಮತ್ತೆ ಎದ್ದೆ.

ಇವನಿಗ್ಯಾಕೆ ಇಷ್ಟು ಚಡಪಡಿಕೆ ಎಂದು ನೀವು ಕೇಳಬಹುದು. ಎಪ್ಪತ್ತು ಎಂಬತ್ತರ ದಶಕದಲ್ಲಿ ನಾನು ಹುನಗುಂದದಲ್ಲಿ ಬೋರ್ಡು ಬರೆದು ಹೊಟ್ಟೆ ಹೊರೆದವನು. ಅಂಗಡಿಯ ಹಲಗೆ, ಲಾರಿಯ ಹಿಂಬದಿ, ಊರ ಗೋಡೆ, ಯಾವುದನ್ನೂ ಬಿಟ್ಟವನಲ್ಲ. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ಕಷ್ಟ ನನಗೆ ಗೊತ್ತು. 'ಟ್ರಾನ್ಸ್‌ಪೋರ್ಟ್' ಎಂದು ಬರೆಯಹೊರಟರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಬಂದು ಕೂಡುತ್ತದೆ.

ಹಾಗಂತ ನನ್ನನ್ನು ಇಂಗ್ಲಿಷ್ ಕಂಡರಾಗದವನೆಂದು ತಿಳಿಯಬೇಡಿ. ಆ ದಿನ ಮನೆ ಬಿಡುವಾಗ ನನ್ನ ಹೆಂಡತಿ, ಗ್ಯಾಸ್ ಆಫ್ ಮಾಡಿ, ಡೋರ್ ಲಾಕ್ ಮಾಡಿ ಬರ್ರಿ ಎಂದಳು. ನನ್ನ ಕಿವಿಗೆ ಒಂದಿಷ್ಟೂ ಚುಚ್ಚಲಿಲ್ಲ. ಆಫ್, ಲಾಕ್ ಯಾವುದೇ ಬರಲಿ, ಕೊನೆಗೆ ನಮ್ಮ 'ಮಾಡು' ಅದರ ಕೈ ಹಿಡಿದು ನಡೆಸುತ್ತದೆ. ಬಸ್ಸು ಬಂದರೆ ಬಸ್ಸಿಗೆ, ಬಸ್ಸಿನಾಗ, ಬಸ್ಸಿಂದ ಎಂದು ನಮ್ಮ ಬಾಲವನ್ನೇ ಅಂಟಿಸುತ್ತೇವೆ. ಪದ ಹೊರಗಿನದಾದರೂ ವಾಕ್ಯ ನಮ್ಮ ಕಟ್ಟಿನದೇ, ಕ್ರಿಯಾಪದ ಕೊನೆಗೇ ಬರುತ್ತದೆ. ಇದು ನಮಗೆ ಹೊಸದೂ ಅಲ್ಲ. ಖರೆ, ಕಚೇರಿ, ದವಾಖಾನಿ ಎನ್ನುವಾಗ ಯಾರ ಮನೆಯ ಮಾತೆಂದು ನಾವು ಯಾವತ್ತು ಕೇಳಿದ್ದೇವೆ? ಅದೂ ಅಲ್ಲದೆ ಮಾತನಾಡುವಾಗ ಎದುರಿಗೊಂದು ಮುಖ ಇರುತ್ತದೆ. ತಿಳಿಯದಿದ್ದರೆ ಹುಬ್ಬು ಗಂಟಾಗುತ್ತದೆ, ಆಗ ಬೇರೆ ಪದ ಹಾಕಿ ಹೇಳುತ್ತೇವೆ.

ಗೋಡೆಗೆ ಈ ಸೌಲಭ್ಯ ಇಲ್ಲ. ಇದನ್ನು ನಾನು ಕಲಿತದ್ದು ದೊಡ್ಡಪ್ಪನ ಕಣ್ಣಿನಿಂದ.

ದೊಡ್ಡಪ್ಪ ಹುನಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುರಿ ಕಾಯ್ದುಕೊಂಡಿದ್ದವನು. ಬೀರಪ್ಪನ ಭಕ್ತ, ಮಹಾ ಹಟಮಾರಿ. ಎರಡೂ ಕಣ್ಣಿಗೆ ಪೊರೆ ಬಂದು, ಮನೆಯ ಮುಂದೆ ನಿಂತವರನ್ನು ದನಿಯಿಂದ ಗುರುತಿಸುವ ಹಂತಕ್ಕೆ ಬಂದಿದ್ದ. ಅದೇ ಹೊತ್ತಿಗೆ ಅವನ ಮಗ ಮಾಳಪ್ಪಣ್ಣನಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣು ಹುಟ್ಟಿತ್ತು. ಮುದುಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೂಗು, ಗಲ್ಲ, ಕಿವಿ ಸವರಿ ನೋಡುತ್ತಿದ್ದ. ಯಾರ ಹಾಗೆ ಇದ್ದಾಳೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಒಬ್ಬೊಬ್ಬರು ಒಂದೊಂದು ಹೇಳಿದರೆ ಸಿಟ್ಟಾಗುತ್ತಿದ್ದ.

ಆಗ ಹುನಗುಂದದಲ್ಲಿ ಕಣ್ಣಿನ ಶಿಬಿರ ಮಾಡುತ್ತಾರೆಂದು ಗೊತ್ತಾಯಿತು. ಹೊರಗಿನ ಡಾಕ್ಟರು ಬಂದು ಸಾಲೆಯ ಕೋಣೆಗಳಲ್ಲಿ ಪೊರೆ ತೆಗೆಯುವವರಿದ್ದರು. ಅದನ್ನು ನಡೆಸುತ್ತಿದ್ದ ತರುಣ ವಕೀಲರೊಬ್ಬರು ಹಳ್ಳಿಹಳ್ಳಿಯ ಗೋಡೆಗೆ ಬರೆಯಲು ನನಗೆ ಹೇಳಿದರು. ಅವರೇ ಬಾಯಲ್ಲಿ ಹೇಳಿದ ಒಕ್ಕಣೆ: 'ಫ್ರೀ ಐ ಆಪರೇಷನ್ ಕ್ಯಾಂಪ್. ಎಲ್ಲರೂ ಅಟೆಂಡ್ ಆಗಿ ಬೆನಿಫಿಟ್ ಪಡೆಯಿರಿ.' ಒಳ್ಳೆಯ ಮನುಷ್ಯ, ದಿನವೆಲ್ಲ ಡಾಕ್ಟರರ ಜೊತೆ 'ಐ ಕ್ಯಾಂಪ್, ಐ ಕ್ಯಾಂಪ್' ಎಂದು ಮಾತಾಡಿ ಅದೇ ಬಾಯಿಗೆ ಹತ್ತಿತ್ತು. ನನಗೂ ಸರಾಗವಾಗಿ ಕೇಳಿಸಿತು. ಗೋಡೆಗೆ ಸುಣ್ಣ ಹೊಡೆದು, ನೀಲಿಯಲ್ಲಿ ಅದ್ದಿದ ದಾರದಿಂದ ಗೆರೆ ಎಳೆದು, 'ಆಪರೇಷನ್ ಕ್ಯಾಂಪ್' ಎಂಬುದನ್ನು ಕೆಂಪಿನಲ್ಲಿ ದಪ್ಪಗೆ ಬರೆದೆ. ಪಾಪ, 'ಐ' ಒಂಟಿ ಅಕ್ಷರ, ಸಿಕ್ಕ ಸಂದಿಯಲ್ಲಿ ಕೂತಿತು.

ಶಿಬಿರ ಶುರುವಾದ ದಿನ ಪೇಟೆಯ ನಾಲ್ಕಾರು ಜನರನ್ನು ಬಿಟ್ಟರೆ ಯಾರೂ ಇಲ್ಲ. ಡಾಕ್ಟರರು ವರಾಂಡದಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ದೊಡ್ಡಪ್ಪನೂ ಬರಲಿಲ್ಲ. ಸೈಕಲ್ ಹತ್ತಿ ಊರಿಗೆ ಹೋದೆ.

ಮಾಳಪ್ಪಣ್ಣ ಮನೆಯಲ್ಲಿರಲಿಲ್ಲ. ನಸುಕಿನಲ್ಲೇ ಕುರಿ ಹೊಡೆದುಕೊಂಡು ಗುಡ್ಡ ಸೇರಿದ್ದ. ಊರಿನ ಬಹಳ ಗಂಡಸರು ಹೀಗೆಯೇ ಎಲ್ಲೆಲ್ಲೋ ಮಾಯವಾಗಿದ್ದರು. ಎರಡು ಮೂರು ವರ್ಷ ಹಿಂದೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಜೀಪು ಬಂದು, ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಗಂಡಸರನ್ನು ಹತ್ತಿಸಿಕೊಂಡು ಹೋದದ್ದು ಅವರು ಮರೆತಿರಲಿಲ್ಲ. ನಮ್ಮ ಕಡೆ ಆಗ 'ಆಪರೇಷನ್' ಎಂದರೆ ಅದೊಂದೇ. ಚಹಾದಂಗಡಿಯವನು ಗೋಡೆ ಓದಿ ಹೇಳಿದ್ದನಂತೆ. 'ಐ' ಏನೆಂದು ಕೇಳಿದವರಿಗೆ, ಅದು ಸರಕಾರದ ಗುರುತು ಇರಬೇಕು ಎಂದಿದ್ದನಂತೆ.

ಅದು ಕಣ್ಣಿನ ಆಪರೇಷನ್ ಎಂದು ನಾನು ಅತ್ತಿಗೆಗೆ ಹೇಳಿದೆ. ಅವಳು ಕೂಸಿನ ತೊಟ್ಟಿಲು ತೂಗುತ್ತಲೇ ಅಂದಳು: "ನೀ ಈಗ ಹೇಳಿದಿ ತಮ್ಮಾ, ನನಗ ತಿಳೀತು. ಗ್ವಾಡಿಗೆ ಯಾವ ಆಪರೇಷನ್ ಅಂತ ಯಾರು ಕೇಳಬೇಕು?"

ಆಪರೇಷನ್ ಎಂಬುದಷ್ಟೇ ಕಿವಿಗೆ ಬಿದ್ದ ದೊಡ್ಡಪ್ಪನ ದನಿ ಒಳಗಿನಿಂದ ಬಂತು. "ಈ ವಯಸ್ಸಿನ್ಯಾಗ ನನಗ್ಯಾಕೋ ಆಪರೇಷನ್? ನಾ ಇನ್ನ ಯಾರನ್ನ ಹಡಸಬೇಕಾಗೇತಿ?"

ನಗು ಬಂತು, ಬೆನ್ನಿಗೇ ಅಳುವೂ ಬಂತು. ಹೊಳ್ಳಿ ಹುನಗುಂದಕ್ಕೆ ಹೋಗಿ ವಕೀಲರಿಗೆ ವಿಷಯ ತಿಳಿಸಿದೆ. ಅವರು ಹಣೆ ಚಚ್ಚಿಕೊಂಡು, ಅಚ್ಚ ಕನ್ನಡದಲ್ಲಿ ಬರೆದುಬಿಡು ಎಂದು 'ಉಚಿತ ನೇತ್ರ ಶಸ್ತ್ರಚಿಕಿತ್ಸಾ ಶಿಬಿರ' ಎಂದರು. ಮತ್ತೆ ಊರಿಗೆ ಬಂದು ದೊಡ್ಡಪ್ಪನ ಮುಂದೆ ಹೇಳಿನೋಡಿದೆ. ಕಣ್ಣಿಗೆ ಶಸ್ತ್ರ ಹಾಕುತ್ತಾರೇನು ಎಂದು ಅವನು ಇನ್ನಷ್ಟು ಒಳಗೆ ಸರಿದು ಕೂತ. ಅಂದರೆ ತಪ್ಪು ಇಂಗ್ಲಿಷಿನದೂ ಅಲ್ಲ, ಸಂಸ್ಕೃತ ತುಂಬಿದರೆ ತೀರುವಂಥದೂ ಅಲ್ಲ. ಓದುವವನು ನಮಗೆ ಕಾಣುವುದಿಲ್ಲ, ಮರಳಿ ಕೇಳಲಾರ, ನಾವು ಯಾವ ಅರ್ಥ ಮನಸ್ಸಿನಲ್ಲಿಟ್ಟುಕೊಂಡಿದ್ದೇವೋ ಅವನಿಗೆ ಗೊತ್ತಿಲ್ಲ. ಅಂಥ ಕಡೆ ಎರಡು ಅರ್ಥಕ್ಕೆ ಎಡೆ ಕೊಡುವ ಪದ, ಅವನ ಮನೆಯಲ್ಲಿ ಆಡದ ಪದ, ಎರಡನ್ನೂ ದೂರ ಇಡಬೇಕು.

ಸುಣ್ಣ ಬಳಿದು ಹೊಸದಾಗಿ ಬರೆದೆ: 'ಕಣ್ಣಿನ ಪೊರೆ ತೆಗೆಯುತ್ತಾರೆ. ರೊಕ್ಕ ಬೇಡ. ಬೇರೆ ಯಾವ ಆಪರೇಷನ್ನೂ ಇಲ್ಲ. ಹುನಗುಂದದ ಸಾಲೆಗೆ ಬನ್ನಿ.' ನೋಡಿ, ಆಪರೇಷನ್ ಎಂಬ ಪದವನ್ನು ಬೇಕೆಂದೇ ಉಳಿಸಿದೆ. ಅವರ ಭಯಕ್ಕೆ ಬೇರೆ ಹೆಸರಿರಲಿಲ್ಲ.

ಮಾಳಪ್ಪಣ್ಣನನ್ನು ಗುಡ್ಡದಿಂದ ಇಳಿಸಿದ್ದು ಅತ್ತಿಗೆ. ಶಿಬಿರದ ಕಡೆಯ ದಿನ ಅವನು ಅಪ್ಪನ ಕೈ ಹಿಡಿದು ಬಂದ. ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿ, ಬಾಟಲಿಯ ತಳದಷ್ಟು ದಪ್ಪದ ಕನ್ನಡಕ ಹಾಕಿದ ಮೇಲೆ ದೊಡ್ಡಪ್ಪ ಮೊಮ್ಮಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಯಾರ ಹಾಗೂ ಇಲ್ಲ, ತನ್ನ ಹಾಗೆ ತಾನಿದ್ದಾಳೆ ಎಂದು ತೀರ್ಪು ಕೊಟ್ಟ. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡೆ.

ಆದರೆ ಇಳಕಲ್ಲ ರಸ್ತೆಯ ಹಳ್ಳಿಗಳ ಗೋಡೆಗಳಿಗೆ ನನ್ನ ಸೈಕಲ್ ಮುಟ್ಟುವುದರೊಳಗೆ ಡಾಕ್ಟರರು ಸಾಮಾನು ಕಟ್ಟಿದ್ದರು. ಅಲ್ಲಿ ಆ ಕೆಂಪು ಅಕ್ಷರ ಮಳೆಗೆ ಮಾಸುವವರೆಗೂ ಹಾಗೇ ಇತ್ತು. ಬಸ್ಸಿನಲ್ಲಿ ಆ ಕಡೆ ಹೋಗುವಾಗಲೆಲ್ಲ, ಕಟ್ಟೆಯ ಮೇಲೆ ಕೋಲು ಹಿಡಿದು ಕೂತ ಮುದುಕರನ್ನು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಹೋದ ವಾರ ಡಾಕ್ಟರ ಕೋಣೆಗೆ ನನ್ನನ್ನು ಕರೆದರು. ಹರೆಯದ ಹುಡುಗ, ನಮ್ಮ ಕಡೆಯವನೇ. ಹೆಗಲ ಮೇಲೆ ಕೈಯಿಟ್ಟು, ಮುಂದಿನ ವಾರ ಸರ್ಜರಿ, ಟೆನ್ಶನ್ ತಗೋಬ್ಯಾಡ್ರಿ ಎಂದ. ಆ ಕೈಯ ಬಿಸಿಯಲ್ಲಿ ಆ ಮಾತು ನನಗೆ ಹಿತವಾಗಿಯೇ ಇತ್ತು. ಆಮೇಲೆ ನಾನು ಹೊರಗಿನ ಬೋರ್ಡಿನ ಮಾತೆತ್ತಿದೆ. ಅದನ್ನು 'ಕಣ್ಣಿಗೆ ಔಷಧ ಬಿಟ್ಟ ಮೇಲೆ ಗಾಡಿ ಓಡಿಸಬೇಡಿ' ಎಂದು ನಾನೇ ಪುಕ್ಕಟೆ ಬರೆದುಕೊಡುತ್ತೇನೆ ಎಂದೆ. ಅವನು ನಕ್ಕ.

"ಇರ್ಲಿ ಬಿಡ್ರಿ ಕಾಕಾ, ಎಲ್ಲಾರಿಗೂ ತಿಳೀತೈತಿ. ಇಲ್ಲೀತನಕ ಯಾರೂ ತಿಳೀಲಿಲ್ಲ ಅಂದಿಲ್ಲ."

"ತಿಳೀಲಾರದವ್ರು ಬಂದು ಹೇಳೂದಿಲ್ರಿ ಸಾಹೇಬ್ರ," ಎಂದೆ. "ಸುಮ್ಮನ ಹೊಳ್ಳಿ ಹೋಗ್ತಾರ."