ಲಿಫ್ಟಿನಿಂದ ಬಂದ ‘ಇದ್ದೀರಾ?’

ಲಿಫ್ಟು ಕೆಟ್ಟು ನಿಂತಾಗ, ಗಂಟೆಯ ಚಿತ್ರವಿರುವ ಗುಂಡಿಯನ್ನು ಒತ್ತಿ ಹಿಡಿದರೆ ಆ ಕರೆ ಎಲ್ಲಿಗೆ ಹೋಗುತ್ತದೆಂದು ಹೆಚ್ಚಿನವರು ಯೋಚಿಸುವುದಿಲ್ಲ. ಯೋಚಿಸಬೇಕಾಗಿ ಬಂದಾಗ ಅವರು ಒಳಗೇ ಇರುತ್ತಾರೆ. ಆ ಊರಿನ ಅರ್ಧ ಲಿಫ್ಟುಗಳ ಕರೆ ಹೋಗುತ್ತಿದ್ದುದು ಒಂದು ಚಪ್ಪಲಿ ಅಂಗಡಿಯ ಮೇಲಿನ ಕೋಣೆಗೆ. ಕಿಟಕಿ ಅರ್ಧ ಮಾತ್ರ ತೆರೆಯುತ್ತಿತ್ತು, ಫ್ಯಾನು ಪೂರ್ತಿ ಗದ್ದಲ ಮಾಡುತ್ತಿತ್ತು. ಎರಡು ಮೇಜು, ಎರಡು ಪರದೆ. ಒಂದು ಮೇಜಿನಲ್ಲಿ ಮೇಲ್ವಿಚಾರಕರು, ಇನ್ನೊಂದರಲ್ಲಿ ರೇಡಿಯೋ ಅಕ್ಕ.

ಆ ಹೆಸರಿಟ್ಟವರು ಮೆಕ್ಯಾನಿಕ್‌ಗಳು. ರೇಡಿಯೋಗಾದರೆ ಕಿವಿ ಹಿಂಡುವ ವ್ಯವಸ್ಥೆ ಇದೆ, ಹಿಂಡಿದರೆ ಬಾಯಿ ಮುಚ್ಚುತ್ತದೆ, ಅಕ್ಕನಿಗೆ ಅದೂ ಇಲ್ಲ ಎಂಬುದು ಅವರ ದೂರು. ಅವಳು ಇದಕ್ಕೆ ಮೊದಲು ಹದಿನಾಲ್ಕು ವರ್ಷ ಬಟ್ಟೆ ಅಂಗಡಿಯಲ್ಲಿದ್ದವಳು. ಅಲ್ಲಿ ಗಿರಾಕಿ ಬಾಯಿ ಬಿಡುವುದರೊಳಗೆ ನಾಲ್ಕು ಥಾನು ಬಿಚ್ಚಿ ಹಾಸುವುದೇ ಕೆಲಸ. ಸುಮ್ಮನಿರುವ ಗಿರಾಕಿ ಎಂದರೆ ಎದ್ದು ಹೋಗುವ ಗಿರಾಕಿ. ಆದ್ದರಿಂದ ಮೌನ ಕಂಡರೆ ಅದರ ಮೇಲೆ ಬಟ್ಟೆ ಹೊದಿಸುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು.

ಮನೆಯಲ್ಲಿಯೂ ಅದೇ. ಗಂಡ ಬಚ್ಚಲುಮನೆಯಿಂದ, “ಏ, ಇದ್ದೀಯಾ?” ಎಂದು ಕೂಗಿದರೆ, “ಇಲ್ಲ, ಓಡಿಹೋಗಿ ಎರಡು ವರ್ಷ ಆಯ್ತು” ಎನ್ನುತ್ತಿದ್ದಳು. ಮಗಳು ಫೋನಿನಲ್ಲಿ, “ಅಮ್ಮಾ, ಇದ್ದೀಯಾ?” ಎಂದರೆ, “ನಾನಿಲ್ಲ ಕಣೆ, ನನ್ನ ದೆವ್ವ ಮಾತಾಡ್ತಿರೋದು.” ಗಂಡನಿಗೆ ಬೇಕಾಗಿದ್ದುದು ಟವೆಲ್ಲು, ಮಗಳಿಗೆ ಸಾರಿಗೆ ಉಪ್ಪೆಷ್ಟು ಎಂಬ ಲೆಕ್ಕ. ಅವರಿಗೆ ಈ ಉತ್ತರದಿಂದ ನಷ್ಟವೇನೂ ಆಗಲಿಲ್ಲ.

ನಷ್ಟವಾದದ್ದು ಒಬ್ಬ ವಕೀಲರಿಗೆ. ಎರಡು ಅಂತಸ್ತುಗಳ ನಡುವೆ ಸಿಕ್ಕಿಬಿದ್ದ ಅವರು ಗುಂಡಿ ಒತ್ತಿ, “ಯಾರಾದ್ರೂ ಇದ್ದೀರೇನ್ರೀ?” ಎಂದು ಕೇಳಿದರು. ಅಕ್ಕನ ಬಾಯಿ ಬುದ್ಧಿಗಿಂತ ಮುಂದೆ ಓಡಿತು.

“ಯಾರೂ ಇಲ್ಲ ಸಾರ್, ಎಲ್ರೂ ಊಟಕ್ಕೆ ಹೋಗಿದ್ದಾರೆ. ಗೋಡೆ ಮಾತಾಡ್ತಾ ಇದೆ.”

ವಕೀಲರು ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ವೃತ್ತಿಯವರು. ಯಾರೂ ಇಲ್ಲ ಎಂದಾದ ಮೇಲೆ ತಾನೇ ಬಾಗಿಲು ಬಿಡಿಸಿಕೊಳ್ಳಬೇಕೆಂದು ಛತ್ರಿಯ ತುದಿಯನ್ನು ಸಂದಿಗೆ ತೂರಿಸಿದರು. ಛತ್ರಿ ಮುರಿಯಿತು. ಅದೃಷ್ಟಕ್ಕೆ ಬಾಗಿಲು ಅಲುಗಲಿಲ್ಲ. ಅಲುಗಿದ್ದರೆ ಆ ಸಂದಿಯಲ್ಲಿ ಕಾಲು ಇಟ್ಟು ಇಳಿಯಲು ನೋಡಿ ಅವರು ನೇರ ಲಿಫ್ಟಿನ ಕೆಳಗಿನ ಹೊಂಡಕ್ಕೆ ಬೀಳುತ್ತಿದ್ದರು. ಮರುದಿನ ಅವರು ಖುದ್ದಾಗಿ ಬಂದು, ಮುರಿದ ಛತ್ರಿಯನ್ನು ಮೇಲ್ವಿಚಾರಕರ ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟು ಹೋದರು.

ಮೇಲ್ವಿಚಾರಕರು ಕೂಗಾಡುವವರಲ್ಲ. “ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಕೆಳಗೆ ಸ್ಟೋರ್ ರೂಮಿಗೆ ಹಾಕ್ತೀನಮ್ಮ” ಎಂದರು, ಅಷ್ಟೆ.

ಸ್ಟೋರ್ ರೂಮು ಎಂದರೆ ನೆಲಮಾಳಿಗೆ. ಬೇರಿಂಗು, ಬ್ರೇಕಿನ ಲೈನಿಂಗು, ಗ್ರೀಸಿನ ಡಬ್ಬಿ. ಮಾತಿಗೆ ಒಂದು ಹಲ್ಲಿಯೂ ಸಿಗದ ಜಾಗ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಹೆಂಡತಿ ತುಟಿ ಪಿಟಕ್ಕೆನ್ನದೆ ಕೂತಿದ್ದು ನೋಡಿ ಗಂಡ ಗಾಬರಿಯಾಗಿ ಥರ್ಮಾಮೀಟರ್ ಹುಡುಕಿದ.

ದೂರು ಮರುಕಳಿಸಬಾರದೆಂದು ಮೇಲ್ವಿಚಾರಕರು ಕರೆಗೆ ಒಂದು ಪಾಠ ಬರೆದುಕೊಟ್ಟರು. “ನಮಸ್ಕಾರ. ತುರ್ತು ಸಹಾಯವಾಣಿಗೆ ಸ್ವಾಗತ. ತಮ್ಮ ಸುರಕ್ಷತೆಯೇ ನಮ್ಮ ಆದ್ಯತೆ. ದಯವಿಟ್ಟು ತಮ್ಮ ಹೆಸರು, ಕಟ್ಟಡದ ವಿಳಾಸ ಹಾಗೂ ಸಮಸ್ಯೆಯ ಸ್ವರೂಪವನ್ನು ತಿಳಿಸಿ.” ಅಕ್ಕ ಅದನ್ನು ಬಾಯಿಪಾಠ ಮಾಡಿ, ಉಸಿರು ತೆಗೆದುಕೊಳ್ಳದೆ ಒಪ್ಪಿಸತೊಡಗಿದಳು. ಪರಿಣಾಮ ವಿಚಿತ್ರವಾಗಿತ್ತು. ಒಳಗಿದ್ದವರು ಅರ್ಧದಲ್ಲೇ, “ಥೂ, ಇದು ಮೆಷಿನ್ನು ಕಣೋ! ಮನುಷ್ಯರು ಯಾರೂ ಇಲ್ಲ” ಎಂದು ಬಾಗಿಲು ಬಡಿಯತೊಡಗುತ್ತಿದ್ದರು. ಗೋಡೆ ಮಾತಾಡ್ತಿದೆ ಎಂದು ಹೇಳಿದ್ದು ತಪ್ಪಾಗಿತ್ತು, ಈಗ ಗೋಡೆಯ ಹಾಗೆಯೇ ಮಾತಾಡಬೇಕಾಗಿತ್ತು. ವಿಳಾಸ ಕೇಳುವ ಅಗತ್ಯವೂ ಇರಲಿಲ್ಲ. ಯಾವ ಕಟ್ಟಡದ ಯಾವ ಲಿಫ್ಟು ಎಂಬುದು ಪರದೆಯ ಮೇಲೆ ತಾನಾಗಿ ಬರುತ್ತಿತ್ತು. ಒಳಗೆ ಯಾರಿದ್ದಾರೆ, ಹೇಗಿದ್ದಾರೆ, ಲಿಫ್ಟು ನಿಂತಿದೆಯೋ ಓಡುತ್ತಿದೆಯೋ ಎಂಬುದು ಮಾತ್ರ ಬರುತ್ತಿರಲಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಮಾರುಕಟ್ಟೆ ಬೀದಿಯ ಆರು ಅಂತಸ್ತಿನ ಕಟ್ಟಡದಿಂದ ಕರೆ ಬಂತು. ಅಕ್ಕ ಪಾಠ ಒಪ್ಪಿಸಿದಳು. ಆ ಕಡೆ ಸದ್ದಿಲ್ಲ. ಮೇಲ್ವಿಚಾರಕರು ತಮ್ಮ ಹೆಡ್‌ಫೋನು ಹಾಕಿಕೊಂಡು ಕೇಳಿಸಿಕೊಳ್ಳತೊಡಗಿದರು. ಅವಳ ಮೇಲೆ ಅವರಿಗೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಗಂಡುದನಿ ಮೆಲ್ಲಗೆ, “ಇದ್ದೀರಾ?” ಎಂದಿತು.

ಅಕ್ಕನ ನಾಲಿಗೆಯ ತುದಿಗೆ ಓಡಿಹೋದವಳೂ ಬಂದಳು, ದೆವ್ವವೂ ಬಂತು, ಗೋಡೆಯೂ ಬಂತು. ಅಷ್ಟನ್ನೂ ನುಂಗಿ, “ಇದ್ದೀನಿ” ಎಂದಳು.

“ಓ. ಸರಿ. ಏನಿಲ್ಲ, ಸುಮ್ನೆ ಟೆಸ್ಟ್ ಮಾಡ್ದೆ.”

ಟೆಸ್ಟ್ ಕರೆ ಹೊಸತಲ್ಲ. ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಕಟ್ಟಡದ ವಾಚ್‌ಮನ್‌ಗಳು ತಿಂಗಳಿಗೊಮ್ಮೆ ಒತ್ತಿ ನೋಡುತ್ತಾರೆ. ಮೇಲ್ವಿಚಾರಕರು ಕೈಯಲ್ಲೇ ‘ಮುಗಿಸಿ’ ಎಂದು ಸನ್ನೆ ಮಾಡಿದರು. ಅಕ್ಕ ಬೆರಳನ್ನು ಕರೆ ಮುಗಿಸುವ ಗುಂಡಿಯ ಮೇಲಿಟ್ಟಳು. ಆದರೆ ವಾಚ್‌ಮನ್ ಟೆಸ್ಟ್ ಮಾಡಿದರೆ, “ಸರಿ ಅಕ್ಕಾ, ಇಡಿ” ಎಂದು ಹೊರಟುಹೋಗುತ್ತಾನೆ. ಇವನು ಹೋಗಿರಲಿಲ್ಲ. ಉಸಿರಾಟ ಕೇಳಿಸುತ್ತಿತ್ತು. ಸೀರೆ ಕೊಳ್ಳುವುದಿಲ್ಲ, ಸುಮ್ಮನೆ ನೋಡುತ್ತೇನೆ ಎಂದು ಹೇಳಿ ಅಂಗಡಿ ಬಿಟ್ಟು ಹೋಗದ ಗಿರಾಕಿಗಳನ್ನು ಅವಳು ಬಲ್ಲಳು.

“ಟೆಸ್ಟ್ ಮಾಡಿದ್ದು ಒಳ್ಳೇದಾಯ್ತು” ಎಂದಳು. “ಒಂದು ಮಾತು ಹೇಳಿ ಸಾರ್. ಲಿಫ್ಟಿನ ಬಾಗಿಲು ತೆರೆದಿದೆಯಾ, ಮುಚ್ಚಿದೆಯಾ?”

“...ಮುಚ್ಚಿದೆ.”

“ಲಿಫ್ಟು ಹೋಗ್ತಾ ಇದೆಯಾ, ನಿಂತಿದೆಯಾ?”

“ಈಗ ಸದ್ಯಕ್ಕೆ... ನಿಂತಿದೆ ಅನ್ಸುತ್ತೆ.”

“ಎಷ್ಟು ಹೊತ್ತಿಂದ?”

“ಕಾಲು ಗಂಟೆ ಆಗಿರಬೇಕು. ಆದ್ರೆ ನನಗೇನೂ ಅವಸರ ಇಲ್ಲ.”

ಮೇಲ್ವಿಚಾರಕರ ಸನ್ನೆಯ ಕೈ ಕೆಳಗಿಳಿಯಿತು. ಅಕ್ಕ ಒಂದೊಂದಾಗಿ ಕೇಳಿದಳು. ಒಬ್ಬರೇ ಇದ್ದೀರಾ? ಒಬ್ಬರೇ. ಪೆಟ್ಟೇನಾದರೂ ಆಗಿದೆಯಾ? ಇಲ್ಲ. ದೀಪ ಉರಿಯುತ್ತಿದೆಯಾ? ಉರಿಯುತ್ತಿದೆ. ಇಷ್ಟು ಚೆನ್ನಾಗಿ ಮಾಡಿದವಳು ತಕ್ಷಣ ಮೆಕ್ಯಾನಿಕ್‌ಗೆ ಫೋನು ಹಚ್ಚಲು ಹೊರಟಳು, ಒಳಗಿನವನಿಗೆ ಒಂದು ಮಾತೂ ಹೇಳದೆ. ಮೆಕ್ಯಾನಿಕ್ ಊಟಕ್ಕೆ ಕೂತಿದ್ದ. ಅವನನ್ನು ಎಬ್ಬಿಸಿ, ಬೈದು, ಹೊರಡಿಸಿ ಅವಳು ಮರಳುವಷ್ಟರಲ್ಲಿ ಲಿಫ್ಟಿನೊಳಗೆ ಧಡಧಡ ಸದ್ದು.

“ಇದ್ದೀರಾ? ಮೇಡಂ, ಇದ್ದೀರಾ? ಹಲೋ! ಇದ್ದೀರೇನ್ರೀ!”

“ಇದ್ದೀನಿ, ಇದ್ದೀನಿ. ಹೆದರ್ಬೇಡಿ ಸಾರ್, ಏನೂ ಆಗಲ್ಲ.”

“ಅದೊಂದು ಹೇಳ್ಬೇಡಿ!” ಎಂದು ಆತ ಕಿರುಚಿದ. “ನಾನು ಹಲ್ಲಿನ ಡಾಕ್ಟ್ರು. ದಿನಕ್ಕೆ ಇಪ್ಪತ್ತು ಜನಕ್ಕೆ ಅದನ್ನೇ ಹೇಳ್ತೀನಿ. ಹೇಳಿದ ಮರುಕ್ಷಣ ಏನು ಮಾಡ್ತೀನಿ ಅಂತ ನನಗೆ ಗೊತ್ತು!”

ಅಕ್ಕನಿಗೆ ನಗು ಬಂತು. ಅದನ್ನೂ ನುಂಗಿದಳು. ಆ ದಿನ ಅವಳು ನುಂಗಿದ್ದು ಒಂದು ಹೊತ್ತಿನ ಊಟಕ್ಕೆ ಸಮ.

“ತಪ್ಪಾಯ್ತು. ಮೆಕ್ಯಾನಿಕ್‌ಗೆ ಫೋನ್ ಮಾಡೋಕೆ ಹೋಗಿದ್ದೆ, ಹೇಳದೆ ಹೋದೆ. ಅವನು ಹೊರಟಿದ್ದಾನೆ, ಇಪ್ಪತ್ತು ನಿಮಿಷ ಆಗುತ್ತೆ. ಟ್ರಾಫಿಕ್ ಇದ್ರೆ ಅರ್ಧ ಗಂಟೆ.”

“ಐದು ನಿಮಿಷ ಅಂತ ಹೇಳಲ್ವಾ?”

“ಹೇಳಿದ್ರೆ ಆರನೇ ನಿಮಿಷಕ್ಕೆ ನೀವು ನನ್ನ ನಂಬಲ್ಲ.”

ಆ ಕಡೆಯ ಉಸಿರು ಕೊಂಚ ಇಳಿಯಿತು. “ಇದು ಬೀಳುತ್ತಾ?” ಎಂದು ಡಾಕ್ಟರು ಕೇಳಿದರು, ಈ ಬಾರಿ ನೇರವಾಗಿ.

“ಒಂದು ಹಗ್ಗದ ಮೇಲೆ ನಿಂತಿಲ್ಲ ಸಾರ್, ನಾಲ್ಕು ಉಕ್ಕಿನ ಹಗ್ಗ ಇದೆ. ಕರೆಂಟು ಹೋದ್ರೆ ಬ್ರೇಕು ಬಿಡಲ್ಲ, ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.”

“ಗಾಳಿ?”

“ಬಾಗಿಲ ಸಂದಿ ನೋಡಿ, ಮೇಲ್ಗಡೆ ಜಾಲರಿ ನೋಡಿ. ಅದು ಮುಚ್ಚಿರೋ ಡಬ್ಬಿ ಅಲ್ಲ. ಬಾಗಿಲು ಮಾತ್ರ ಎಳೀಬೇಡಿ.”

“ಎಳೀತಿದ್ದೆ.”

“ಕೇಳಿಸ್ತು.”

ಆಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಅಕ್ಕನಿಗೆ ಕಷ್ಟವಾದದ್ದು ಇದೇ. ತನ್ನ ನಾದಿನಿಯ ಮದುವೆಯಲ್ಲಿ ಲಿಫ್ಟು ಕೆಟ್ಟ ಕಥೆ ಗಂಟಲವರೆಗೆ ಬಂದಿತ್ತು. ಆದರೆ ಅವಳು ಒಮ್ಮೆ ಬಾಯಿ ತೆರೆದಾಗ ಡಾಕ್ಟರೂ ಅದೇ ಹೊತ್ತಿಗೆ ಏನೋ ಹೇಳಲು ಹೊರಟು, ಅವಳ ದನಿಗೆ ಸುಮ್ಮನಾಗಿಬಿಟ್ಟದ್ದನ್ನು ಗಮನಿಸಿದ್ದಳು. ಆ ಯಂತ್ರದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ಮಾತು ಕತ್ತರಿಸಿಹೋಗುತ್ತದೆ. ತಾನು ತುಂಬಿದಷ್ಟೂ ಆತನಿಗೆ ಜಾಗವಿಲ್ಲ. ಅವಳು ಎರಡು ಕೈಯಿಂದ ಮೇಜಿನ ಅಂಚು ಹಿಡಿದು ಕೂತಳು. ಮೇಲ್ವಿಚಾರಕರಿಗೆ ಅವಳು ಭಾರ ಎತ್ತುತ್ತಿರುವಂತೆ ಕಂಡಿತು.

ಆಗಾಗ ಆ ಕಡೆಯಿಂದ, “ಇದ್ದೀರಾ?”

“ಇದ್ದೀನಿ.”

ಅಷ್ಟೇ. ಒಮ್ಮೆ ಆತ ಕೇಳುವ ಮೊದಲೇ ಅವಳು, “ಇಲ್ಲೇ ಇದ್ದೀನಿ” ಎಂದಳು. ಅದಾದ ಮೇಲೆ ಆತ ಹಾಗೆ ಕೇಳುವುದು ಕಡಿಮೆಯಾಯಿತು, ಬೇರೆ ಮಾತು ಬರತೊಡಗಿತು. ಮೂರನೇ ಅಂತಸ್ತಿನ ತನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಹಾಕಿಸಿಕೊಂಡು ಕೂತಿದ್ದಾಳೆ, ತಾನು ಮೊಬೈಲನ್ನೂ ಮೇಲೇ ಬಿಟ್ಟು ಕೆಳಗಿನ ಔಷಧಿ ಅಂಗಡಿಗೆಂದು ಒಂದು ನಿಮಿಷಕ್ಕೆ ಬಂದದ್ದು, ಮರಗಟ್ಟಿದ್ದು ಇಷ್ಟು ಹೊತ್ತಿಗೆ ಇಳಿಯತೊಡಗಿರುತ್ತದೆ.

“ನಿಮ್ಮ ನರ್ಸಿಗೆ ತಿಳಿಸ್ಲಾ?”

“ತಿಳಿಸಿ, ನಂಬರು ಹೇಳ್ತೀನಿ. ಆದ್ರೆ ನಾನು ಹೆದರಿದ್ದೀನಿ ಅಂತ ಹೇಳ್ಬೇಡಿ.”

“ಹೇಳಲ್ಲ. ಈಗ ಅವರಿಗೆ ಫೋನ್ ಮಾಡ್ತೀನಿ. ಸ್ವಲ್ಪ ಹೊತ್ತು ನನ್ನ ದನಿ ಕೇಳ್ಸಲ್ಲ, ಲೈನು ಕಟ್ಟಾಗಿರಲ್ಲ. ಮುಗಿಸಿ ಬಂದು ನಾನೇ ಮಾತಾಡ್ತೀನಿ.”

ಈ ಬಾರಿ ಅವಳು ಮರಳಿದಾಗ ಧಡಧಡ ಇರಲಿಲ್ಲ. “ಬಂದ್ರಾ?” ಎಂದರು ಡಾಕ್ಟರು, ಮನೆಯ ಬಾಗಿಲಲ್ಲಿ ಕೇಳುವಂತೆ. “ಆ ಹೆಂಗಸು ಏನಂದ್ಳು?”

“ಮನೆಗೆ ಹೋದ್ರಂತೆ. ಹೋಗುವಾಗ ತುಂಬ ಖುಷಿಯಾಗಿದ್ರಂತೆ.”

ಲಿಫ್ಟಿನೊಳಗಿನಿಂದ ಮೊದಲ ಬಾರಿಗೆ ನಗು ಕೇಳಿಸಿತು.

ಮೆಕ್ಯಾನಿಕ್ ಬಂದ. ಮೇಲಿನ ಯಂತ್ರದ ಕೋಣೆಗೆ ಹತ್ತಿ ಮೇನ್ ಸ್ವಿಚ್ಚು ಇಳಿಸಿದ. ಅದಕ್ಕೆ ಮೊದಲೇ ಅಕ್ಕ, “ಈಗ ಒಳಗಿನ ದೀಪ ಮಂಕಾಗುತ್ತೆ. ಆಮೇಲೆ ಲಿಫ್ಟು ಒಂದು ಸಲ ಕುಲುಕುತ್ತೆ. ಅದು ಅವನು ಬ್ರೇಕನ್ನ ಸ್ವಲ್ಪ ಸ್ವಲ್ಪವೇ ಬಿಟ್ಟು ನಿಮ್ಮನ್ನ ಅಂತಸ್ತಿಗೆ ಸರಿಯಾಗಿ ತರೋದು. ಹಿಂದಿನ ಗೋಡೆಗೆ ಒರಗಿ ನಿಂತ್ಕೊಳ್ಳಿ” ಎಂದಿದ್ದಳು. ದೀಪ ಮಂಕಾಯಿತು. ಲಿಫ್ಟು ಕುಲುಕಿತು. ಡಾಕ್ಟರು ಕೂಗಲಿಲ್ಲ. ಬಾಗಿಲು ಸರಿದ ಸದ್ದು, ಮೆಕ್ಯಾನಿಕ್‌ನ ದನಿ: “ಬನ್ನಿ ಸಾರ್, ಹೊಸ್ತಿಲು ನೋಡ್ಕೊಂಡು. ತುಂಬ ಹೆದರಿಬಿಟ್ರಾ?”

“ನಾನಾ? ಛೆ, ಛೆ. ಟೆಸ್ಟ್ ಮಾಡ್ತಿದ್ದೆ.”

ಹೆಜ್ಜೆ ದೂರವಾಯಿತು. ಮತ್ತೆ ಹತ್ತಿರ ಬಂತು.

“ಇದ್ದೀರಾ?”

“ಇದ್ದೀನಿ.”

“ನಾನು ಹೊರಟೆ. ಹೇಳಿ ಹೋಗೋಣ ಅಂತ ಬಂದೆ. ಮಧ್ಯದಲ್ಲಿ ಒಂದು ಸಲ ಹೇಳದೆ ಹೋಗಿದ್ರಲ್ಲ, ಅದರ ಬಗ್ಗೆ ದೂರು ಕೊಡ್ಬೇಕು ಅಂತಿದ್ದೆ. ಬಿಟ್ಟಿದ್ದೀನಿ.”

ಕರೆ ಮುಗಿಯಿತು. ಅಕ್ಕ ಮೇಜಿನ ಅಂಚಿನಿಂದ ಬೆರಳು ಬಿಡಿಸಿಕೊಂಡಳು. ಮೇಲ್ವಿಚಾರಕರು ಹೆಡ್‌ಫೋನು ತೆಗೆದು, ತಾವೇ ಬರೆದ ಪಾಠದ ಹಾಳೆಯನ್ನು ಅವಳ ಮೇಜಿನಿಂದ ಎತ್ತಿ, ನಾಲ್ಕಾಗಿ ಮಡಿಸಿ, ಅಲುಗುತ್ತಿದ್ದ ಸ್ಟ್ಯಾಂಡ್ ಫ್ಯಾನಿನ ಕಾಲಿನಡಿಗೆ ಕೊಟ್ಟರು. ಅಲ್ಲಿ ಅದು ಉಪಯೋಗಕ್ಕೆ ಬಂತು.

“ಸಾರ್, ಸ್ಟೋರ್ ರೂಮು?” ಎಂದು ಅಕ್ಕ ಕೇಳಿದಳು.

“ಅದಕ್ಕೆ ಮಾತು ಕಡಿಮೆ ಇರೋ ಯಾರನ್ನಾದ್ರೂ ನೋಡ್ಬೇಕು” ಎಂದರು ಅವರು. ತಾವೇ ಅಂಥವರೆಂದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಅಕ್ಕನಿಗೆ ಹೊಳೆಯಿತು. ಹೇಳಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ನಿಂತು, ಊಟಕ್ಕೆ ಮರಳುತ್ತಿದ್ದ ಮೆಕ್ಯಾನಿಕ್‌ಗೆ ಫೋನು ಹಚ್ಚಿ, ನಾದಿನಿಯ ಮದುವೆಯಲ್ಲಿ ಲಿಫ್ಟು ಕೆಟ್ಟ ಕಥೆಯನ್ನು ಮೊದಲಿನಿಂದ ಶುರುಮಾಡಿದಳು.