ಸದ್ದಿಲ್ಲದ ಐವತ್ತು ಸರದಿ

ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದ ಆಕೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕಿವಿ ಮೇಡಂ ಎನ್ನುತ್ತಿದ್ದರು. ತಾನು ಸಹಿ ಹಾಕಿದ ಕಾಗದ ಎಂದೂ ಮರಳಿ ಬಂದಿಲ್ಲ ಎಂಬುದೊಂದೇ ಆಕೆಗಿದ್ದ ಜಂಬ. ಆ ಸೋಮವಾರ ಬೆಳಿಗ್ಗೆ ಒಂದು ಬಂತು.

ತಂದವರು ರೈಲುಹಳಿಯ ಇಂಜಿನಿಯರ್. ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದು ಸೀಟಿಯಣ್ಣ. ಹಳಿ ರಿಪೇರಿ ಮಾಡುವ ಆಳುಗಳ ಪಕ್ಕ ನಿಂತು, ರೈಲು ಬರುವ ಸದ್ದಿಗೆ ಕಿವಿಗೊಟ್ಟು ಸೀಟಿ ಊದುವುದು ಅವನ ಕೆಲಸ.

"ಹೋದ ವರ್ಷ 'ಅಸಾಧಾರಣ ಕಿವಿ' ಅಂತ ನೀವೇ ಬರ್ಕೊಟ್ಟಿದ್ದು ಮೇಡಂ. ನಂಬಿ, ಮುಂದೇನೂ ಕಾಣದ ತಿರುವಿಗೆ ಇವನನ್ನ ಹಾಕಿದೆ. ದಿನಕ್ಕೆ ಹತ್ತು ಸಲ ಊದ್ತಾನೆ, ರೈಲೇ ಇರಲ್ಲ! ಕಿವಿ ಕೆಟ್ಟಿದೆ ಅಂತ ಬರೀರಿ, ಮನೆಗೆ ಕಳಿಸ್ತೀನಿ."

"ಕೇಳ್ಸುತ್ತೆ ಸಾರ್."

"ಏನಯ್ಯಾ ಕೇಳ್ಸುತ್ತೆ, ನಿಮ್ಮಜ್ಜನ ಗೊರಕೆನಾ?"

ಆಕೆ ಹಳೆಯ ಕಡತ ತೆಗೆದಳು. ಸದ್ದು ಕೇಳಿದರೆ ಗುಂಡಿ ಒತ್ತುವ ಐವತ್ತು ಸರದಿ, ನಲವತ್ತೆಂಟರಲ್ಲಿ ಅವನು ಒತ್ತಿದ್ದ. ಆದರೆ ಐವತ್ತರಲ್ಲೂ ಸದ್ದು ಇತ್ತು. ಸದ್ದಿಲ್ಲದ ಸರದಿ ಒಂದನ್ನೂ ಇಟ್ಟಿರಲಿಲ್ಲ. ಸುಮ್ಮನೆ ಒತ್ತುತ್ತಲೇ ಇರುವವನಿಗೂ ಆ ಪರೀಕ್ಷೆಯಲ್ಲಿ ಪೂರಾ ಅಂಕ ಸಿಗುತ್ತಿತ್ತು. ತಪ್ಪು ತನ್ನದೇ.

ಈ ಸಲ ನೂರು ಸರದಿ ಇಟ್ಟಳು. ಐವತ್ತರಲ್ಲಿ ಅದೇ ಕ್ಷೀಣ ಸದ್ದು, ಐವತ್ತರಲ್ಲಿ ಏನೂ ಇಲ್ಲ, ಎರಡೂ ಕಲಸಿ. ಪ್ರತಿ ಸರದಿಗೂ ಸಣ್ಣ ದೀಪ ಹೊತ್ತುತ್ತದೆ. ಸದ್ದು ಇತ್ತೆನಿಸಿದರೆ ಒತ್ತಬೇಕು. ದಪ್ಪ ಬಾಗಿಲು ಮುಚ್ಚಿತು. ಗಾಜಿನಾಚೆ ಅವನು ದೀಪದ ಮೇಲೆ ಕಣ್ಣಿಟ್ಟು, ತಲೆ ಒಂದು ಕಡೆಗೆ ವಾಲಿಸಿ ಕೂತ.

ಮೂರನೆಯ ಸರದಿಯಲ್ಲಿ ಸದ್ದಿರಲಿಲ್ಲ. ಅವನು ಒತ್ತಿದ. ಐದನೆಯದರಲ್ಲೂ. ಯಾರೋ ಕರೆದಾಗ ಓಗೊಟ್ಟಂತೆ ಒತ್ತುತ್ತಿದ್ದ. ತಂತಿಯಲ್ಲಿ ದೋಷವಿರಬಹುದೆಂದು ಆಕೆ ಅದೇ ಯಂತ್ರಕ್ಕೆ ಜೋಡಿಸಿದ್ದ ಇನ್ನೊಂದು ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡಳು. ದೀಪ ಹೊತ್ತಿತು. ಏನೂ ಇಲ್ಲ. ಆಮೇಲೆ ತನ್ನದೇ ರಕ್ತದ ಸದ್ದು. ಅದರ ಹಿಂದೆ, ಬಲು ದೂರದಲ್ಲಿ, ಏನೋ ಹತ್ತಿರವಾಗುತ್ತಿತ್ತು. ಆಕೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಯಂತ್ರದ ಮುಳ್ಳು ಸೊನ್ನೆಯಲ್ಲಿ ನಿಂತಿತ್ತು.

ಸದ್ದಿದ್ದ ಐವತ್ತರಲ್ಲಿ ನಲವತ್ತೆಂಟು ಹಿಡಿದಿದ್ದ, ಎರಡು ಬಿಟ್ಟಿದ್ದ. ಸದ್ದಿಲ್ಲದ ಐವತ್ತರಲ್ಲಿ ಮೂವತ್ತಕ್ಕೆ ಒತ್ತಿದ್ದ.

"ಮೂವತ್ತು ಸಲ ಅಲ್ಲಿ ಏನೂ ಇರ್ಲಿಲ್ಲ," ಎಂದಳು.

"ಎರಡು ವರ್ಷದ ಹಿಂದೆ ನಾನೂ ಹಂಗೇ ಅಂದ್ಕೊಂಡೆ ಮೇಡಂ. ಗಾಳಿ ಅಂತ ಸುಮ್ಮನಾದೆ. ಹಳಿ ಮೇಲಿದ್ದವನು ನನ್ನ ಭಾಮೈದ."

ಆಕೆ ಸಮಾಧಾನ ಹೇಳಲಿಲ್ಲ. "ಇನ್ನೊಂದು ಸುತ್ತು. ಆಣೆ ಮಾಡಿ ಹೇಳೋವಷ್ಟು ಖಚಿತವಾದ್ರೆ ಮಾತ್ರ ಒತ್ತು."

ಈ ಸುತ್ತಿನಲ್ಲಿ ಸುಳ್ಳು ಎಚ್ಚರಿಕೆ ಎರಡಕ್ಕಿಳಿಯಿತು. ಇಂಜಿನಿಯರ್ ಖುಷಿಯಿಂದ ಮೇಜು ತಟ್ಟಿದರು. "ನೋಡಿ, ಒಂದೇ ಗದರಿಕೆಗೆ ಸರಿಹೋದ!"

"ಹಿಡಿದಿದ್ದು ಬರೀ ಇಪ್ಪತ್ತು. ಮೂವತ್ತು ರೈಲು ಬಿಟ್ಟ."

ಅವರ ಕೈ ಮೇಜಿನ ಮೇಲೇ ಉಳಿಯಿತು.

ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಯಂತ್ರದ ಮುಂದೆ ಕೂರಿಸಿ, ಆಕೆ ತಾನೇ ಒಳಗೆ ಹೋಗಿ ಅದೇ ನೂರು ಸರದಿ ಕೇಳಿದಳು. ಮೂವತ್ತೊಂಬತ್ತು ಹಿಡಿದಳು, ಹನ್ನೊಂದು ಸುಳ್ಳು ಒತ್ತಿದಳು. ಮಾಪನ ಕೋಷ್ಟಕ ನೋಡಿ ಅವನ ಎರಡು, ತನ್ನ ಒಂದು, ಮೂರೂ ಸುತ್ತುಗಳ ಲೆಕ್ಕ ಹಾಕಿದಾಗ, ಸದ್ದನ್ನು ನಿಶ್ಶಬ್ದದಿಂದ ಬೇರೆ ಮಾಡುವ ಗ್ರಹಣಶಕ್ತಿಯ ಅಂಕ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಬಂತು, ಒಂದೂವರೆ.

"ಇವನ ಕಿವಿ ನನ್ನ ಕಿವಿಯಷ್ಟೇ. ಕೆಟ್ಟಿಲ್ಲ, ಅಸಾಧಾರಣವೂ ಅಲ್ಲ. ನಿಶ್ಶಬ್ದದಲ್ಲೂ ಕಿವಿಯೊಳಗೆ ಏನೋ ಗುಂಯ್ ಅಂತಾ ಇರುತ್ತೆ, ಒಮ್ಮೆ ಕಮ್ಮಿ, ಒಮ್ಮೆ ಜಾಸ್ತಿ. ಸದ್ದು ಬಂದ್ರೆ ಅದರ ಮೇಲೆ ಸೇರುತ್ತೆ. ಎಷ್ಟಾದ್ರೆ ಒತ್ತಬೇಕು ಅನ್ನೋ ಗೆರೆ ಮನಸ್ಸು ಎಳೆಯೋದು. ಗೆರೆ ಇಳಿಸಿದ್ರೆ ರೈಲೂ ಸಿಗುತ್ತೆ, ದೆವ್ವಾನೂ ಸಿಗುತ್ತೆ. ಏರಿಸಿದ್ರೆ ಎರಡೂ ತಪ್ಪಿಹೋಗುತ್ತೆ. ನೀವು ಗದರಿಸಿದ್ರೆ ಗೆರೆ ಏರುತ್ತೆ, ಕಿವಿ ಚುರುಕಾಗಲ್ಲ."

"ಸುಳ್ಳು ಸೀಟಿ ನಿಲ್ಲೋದು ಹೇಗೆ?"

"ತಿರುವಿನಾಚೆ, ರೈಲು ಕಣ್ಣಿಗೆ ಕಾಣೋ ಕಡೆ ಇನ್ನೊಬ್ಬನ್ನ ನಿಲ್ಸಿ."

"ಆಳಿಲ್ಲ ಮೇಡಂ."

ಆಕೆ ಹಳೆಯ ಕಾಗದಕ್ಕೆ ಅಡ್ಡಗೆರೆ ಹೊಡೆದು, 'ನನ್ನ ಪರೀಕ್ಷೆ ದೋಷಪೂರಿತವಾಗಿತ್ತು. ಕಿವಿ ಸಾಧಾರಣ, ಕೆಲಸಕ್ಕೆ ಯೋಗ್ಯ' ಎಂದು ಬರೆದು ಸಹಿ ಮಾಡಿದಳು. ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಪೆನ್ನು ಮುಂದೆ ಚಾಚಿದಳು. "ಐವತ್ತು ರೈಲಿನಲ್ಲಿ ಎಷ್ಟು ಬಿಡಬಹುದು ಅಂತ ನೀವು ಬರೀರಿ. ಅದಕ್ಕೆ ಸರಿಯಾಗಿ ಊದೋಕೆ ಇವನಿಗೆ ನಾನು ಕಲಿಸ್ತೀನಿ."

ಇಂಜಿನಿಯರ್ ಪೆನ್ನನ್ನು ಖಾಲಿ ಸಾಲಿನವರೆಗೆ ಒಯ್ದರು. ಬರೆಯದೆ ಅದನ್ನು ಮೇಜಿನ ಮೇಲಿಟ್ಟರು. "ಬಾರಯ್ಯಾ, ಕೆಲಸಕ್ಕೆ ಹೊತ್ತಾಯ್ತು," ಎಂದಷ್ಟೇ ಹೇಳಿ ಎದ್ದರು.

ಶುಕ್ರವಾರ ಮಧ್ಯಾಹ್ನ, ಅವನು ಊದುವುದನ್ನು ತಾನೇ ನೋಡಲು ಕಿವಿ ಮೇಡಂ ತಿರುವಿಗೆ ಹೋದಳು. ಬಿಸಿಲಿತ್ತು, ಎಲೆ ಅಲುಗುತ್ತಿರಲಿಲ್ಲ. ಸೀಟಿಯಣ್ಣ ತಲೆ ವಾಲಿಸಿದ, ಊದಿದ. ಆರು ಜನ ಆಳುಗಳು ಗೊಣಗುತ್ತಾ ಹಳಿಯಿಂದಿಳಿದರು.

"ಬಂತಪ್ಪಾ ಇವನ ಮಾವನ ಮನೆ ಗಾಡಿ," ಎಂದ ಒಬ್ಬ. ಯಾರೂ ನಗಲಿಲ್ಲ.

ಹಳಿ ಖಾಲಿ. ಒಂದು ನಿಮಿಷ ಹೋಯಿತು. ಎರಡು. ಮೇಸ್ತ್ರಿ ಆಕೆಯತ್ತ ತಿರುಗಿದ. "ಮೇಡಂ, ನೀವು ಕಿವಿ ಓದಿದೋರು. ಏನಾದ್ರೂ ಬರ್ತಿದ್ಯಾ? ಹಳಿ ಹತ್ತಬಹುದಾ?"

ಆಕೆ ಕಿವಿಗೊಟ್ಟಳು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ತನ್ನದೇ ರಕ್ತದ ಸದ್ದಿನ ಹಿಂದೆ, ಬಲು ದೂರದಲ್ಲಿ, ಏನೋ ಇದ್ದಂತೆನಿಸಿತು.

"ಇನ್ನೊಂದು ಚೂರು ತಡಿ," ಎಂದಳು.