ಕುಣಿಗಲ್ ಖಾತೆಯ ಎರಡು ಬ್ಯಾಲೆನ್ಸ್

ಹಿರೇಹಳ್ಳಿಯ ತೆಂಗಿನ ಪುಡಿ ಕಾರ್ಖಾನೆಯಲ್ಲಿ ನನ್ನ ಕೆಲಸ ಒಂದೇ ಹಾಳೆಯದು. ಬೆಳಿಗ್ಗೆ ಗುಬ್ಬಿಯಿಂದ ರೈಲಿನಲ್ಲಿ ಬಂದು, ಕಂಪನಿಯ ಐದು ಬ್ಯಾಂಕ್ ಖಾತೆಗಳ ಸ್ಟೇಟ್‌ಮೆಂಟ್ ತೆಗೆದು, ನಿನ್ನೆ ಎಷ್ಟು ಬಂತು, ಎಷ್ಟು ಹೋಯಿತು, ಈಗ ಎಷ್ಟಿದೆ ಎಂದು ಒಟ್ಟು ಮಾಡುತ್ತಿದ್ದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣ ವರಮಾನವಾಗಿ ಕಾಣಿಸದಂತೆ ನೋಡಿಕೊಂಡು, ಒಂಬತ್ತೂವರೆಗೆ ಅದನ್ನು ಟ್ರೆಷರರ್ ಮೇಡಂ ಮೇಜಿನ ಮೇಲಿಡಬೇಕು. ಆ ದಿನ ಯಾರಿಗೆ ದುಡ್ಡು ಕೊಡಬಹುದು, ಬ್ಯಾಂಕಿನಿಂದ ಎಷ್ಟು ಸಾಲ ಎತ್ತಬೇಕು ಎಂದು ಅವರು ನಿರ್ಧರಿಸುತ್ತಿದ್ದುದು ಆ ಹಾಳೆ ನೋಡಿಯೇ.

ನಾಲ್ಕು ಖಾತೆಗಳು ಕಂಪ್ಯೂಟರಿನಲ್ಲಿ ಸಿಗುತ್ತಿದ್ದವು. ಐದನೆಯದು ಕುಣಿಗಲ್ಲಿನ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿತ್ತು. ಅಮೃತೂರು ಕಡೆಯಿಂದ ಕಾಯಿ ಹಾಕುವವರ ಖಾತೆಗಳೆಲ್ಲ ಅಲ್ಲೇ ಇದ್ದುದರಿಂದ ಅದನ್ನು ಮುಚ್ಚುವಂತಿರಲಿಲ್ಲ. ಆ ಬ್ಯಾಂಕಿಗೆ ಆನ್‌ಲೈನ್ ವ್ಯವಸ್ಥೆ ಇರಲಿಲ್ಲ. ದಿನಾ ಒಂಬತ್ತು ಗಂಟೆಗೆ ಫೋನ್ ಮಾಡಿದರೆ ಅಲ್ಲಿನ ಗುಮಾಸ್ತೆ ಅಂಕಿ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಅವರ ಮುಖ ನನಗೆ ಗೊತ್ತಿರಲಿಲ್ಲ. ಅವರಿಗೆ ನೆಗಡಿಯಾದರೆ ಮಾತ್ರ ದನಿಯಲ್ಲಿ ತಿಳಿಯುತ್ತಿತ್ತು.

ಒಂದು ಸಂಬಳದ ದಿನ ಅವರು ಓದಿದ್ದು ಐವತ್ತೆರಡು ಲಕ್ಷ. ಮೇಡಂ ಹಾಳೆ ನೋಡಿ, "ಕುಣಿಗಲ್ಲಲ್ಲಿ ಸುಮ್ನೆ ಬಿದ್ದಿದೆಯಲ್ಲ, ನಲವತ್ತು ತರಿಸ್ಬಿಡಿ" ಎಂದರು. ಪತ್ರಕ್ಕೆ ಸಹಿಯಾಯಿತು, ಡ್ರೈವರ್ ತೆಗೆದುಕೊಂಡು ಹೋದ. ಆ ನಲವತ್ತು ಲಕ್ಷ ಮುಖ್ಯ ಖಾತೆಗೆ ಬಂದ ಮೇಲೆ ಸಂಬಳ ಹೋಗಬೇಕಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಫೋನ್ ಬಂತು. ಅದೇ ದನಿ.

"ಸಾರ್, ನಿಮ್ ಟ್ರಾನ್ಸ್‌ಫರ್ ಆಗಲ್ಲ. ಇಪ್ಪತ್ತೊಂದು ಲಕ್ಷಾನೇ ಇರೋದು."

"ಬೆಳಗ್ಗೆ ನೀವೇ ಐವತ್ತೆರಡು ಅಂದ್ರಲ್ಲ ಮೇಡಂ?"

"ಅದ್ರಲ್ಲಿ ಮೂವತ್ತೊಂದು ಲಕ್ಷ ನಿಮ್ ಗಿರಾಕಿ ನಿನ್ನೆ ಹಾಕಿರೋ ಚೆಕ್ಕು. ಇನ್ನೂ ಪಾಸಾಗಿಲ್ಲ."

ನಾನು ಹೋಗಿ ಹೇಳಿದೆ. ಟ್ರೆಷರರ್ ಮೇಡಂ ಬಯ್ಯಲಿಲ್ಲ. ಸಾಲದ ಖಾತೆಯಿಂದ ನಲವತ್ತು ಲಕ್ಷ ಎತ್ತಿ ಸಂಬಳ ಕಳಿಸಿದರು. ಆಮೇಲೆ ಕ್ಯಾಲ್ಕುಲೇಟರ್ ಒತ್ತಿ, "ಒಂದು ದಿನದ ಬಡ್ಡಿ ಸಾವಿರದ ನಲವತ್ತೊಂದು ರೂಪಾಯಿ" ಎಂದರು. ಬಯ್ದಿದ್ದರೆ ವಾಸಿಯಿತ್ತು. "ನಾಳೆ ಕುಣಿಗಲ್ಲಿಗೆ ಹೋಗಿ, ಮೂರು ವರ್ಷದಿಂದ ನಾವು ಯಾವ ನಂಬರ್ ಬರ್ಕೋತಿದೀವಿ ಅಂತ ಕೇಳ್ಕೊಂಡು ಬನ್ನಿ."

ಮರುದಿನ ಹಾಳೆ ಮುಗಿಸಿ ತುಮಕೂರಿನಿಂದ ಬಸ್ ಹಿಡಿದೆ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡೆ. ಬ್ಯಾಂಕಿನ ಎರಡನೇ ಕೌಂಟರಿನಲ್ಲಿ ಐವತ್ತು ದಾಟಿದ, ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡಿದ್ದ ಹೆಂಗಸು "ಏನ್ ಬೇಕಿತ್ತು?" ಎಂದಾಗ ದನಿಯಿಂದಲೇ ಗುರುತಾಯಿತು. ನಾನು ಯಾರೆಂದು ಹೇಳಿಕೊಂಡೆ.

"ಓ, ನೀವಾ! ತುಂಬಾ ವಯಸ್ಸಾದೋರು ಅನ್ಕೊಂಡಿದ್ದೆ, ಕೂತ್ಕೊಳಿ" ಎಂದು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. ಎರಡು ಸಾಲುಗಳಿದ್ದವು. ಮೇಲಿನದು ಪುಸ್ತಕದ ಬ್ಯಾಲೆನ್ಸ್, ಹಾಕಿದ ಚೆಕ್ಕೆಲ್ಲ ಸೇರಿದ್ದು. ಕೆಳಗಿನದು ಇವತ್ತು ತೆಗೆಯಬಹುದಾದದ್ದು.

"ದಿನಾ ಮೇಲಿಂದು ಯಾಕೆ ಓದಿದ್ರಿ?"

"ನೀವು ಬ್ಯಾಲೆನ್ಸ್ ಎಷ್ಟು ಅಂತ ಕೇಳ್ತಿದ್ರಿ, ಬ್ಯಾಲೆನ್ಸ್ ಹೇಳ್ತಿದ್ದೆ. ಎಷ್ಟು ತಗೋಬೋದು ಅಂತ ಒಂದಿನಾನೂ ಕೇಳಿಲ್ವಲ್ಲ ಸಾರ್."

ಕೇಳಿರಲಿಲ್ಲ. ತಿಂಗಳ ಕೊನೆಯ ಸ್ಟೇಟ್‌ಮೆಂಟಿನಲ್ಲೂ ಮೇಲಿನ ಅಂಕಿಯೇ ಅಚ್ಚಾಗುತ್ತಿತ್ತು, ಆದ್ದರಿಂದ ಪ್ರತಿ ತಿಂಗಳೂ ನನ್ನ ಲೆಕ್ಕ ತಾಳೆಯಾಗುತ್ತಿತ್ತು. ಅದಕ್ಕೆ ನನಗೆ ಒಂದು ಸಲ ಮೆಚ್ಚುಗೆಯೂ ಸಿಕ್ಕಿತ್ತು. ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಅವರು ತರಿಸಿದ ಕಾಫಿ ಕುಡಿದು ಹಿಂದಿರುಗಿದೆ.

ಹಳೆಯ ಹಾಳೆಗಳನ್ನೆಲ್ಲ ತಿದ್ದಲೇ ಎಂದು ಮೇಡಂ ಅವರನ್ನು ಕೇಳಿದೆ.

"ಆಗಿಹೋದ ದಿನಗಳಿಗೆ ಇನ್ನು ದುಡ್ಡು ಕೊಡೋಕಾಗಲ್ಲ. ನಾಳೇದು ಸರಿಯಿರ್ಲಿ."

ಅಂದಿನಿಂದ ಹಾಳೆಯಲ್ಲಿ 'ಪಾಸಾಗದ ಚೆಕ್' ಎಂದು ಒಂದು ಕಾಲಂ ಹೆಚ್ಚಾಯಿತು. ಐದೂ ಖಾತೆಗಳಲ್ಲಿ ಅದನ್ನು ಕಳೆದ ಮೇಲೆಯೇ ಒಟ್ಟು. ಕುಣಿಗಲ್ಲಿನವರು ಎರಡೂ ಅಂಕಿ ಓದತೊಡಗಿದರು. ಕೆಲವು ದಿನ ತಾವಾಗಿಯೇ, "ಈ ಚೆಕ್ ಕೊಟ್ಟಿರೋ ಪಾರ್ಟೀನ ಜಾಸ್ತಿ ನಂಬ್ಕೋಬೇಡಿ" ಎಂದೂ ಸೇರಿಸುತ್ತಿದ್ದರು. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಮೇಡಂಗೆ ಬಾಯಲ್ಲಿ ಹೇಳುತ್ತಿದ್ದೆ.

ಎರಡು ತಿಂಗಳ ನಂತರ ಅಂಥದೇ ಒಂದು ದೊಡ್ಡ ಚೆಕ್ಕು ದುಡ್ಡಿಲ್ಲದೆ ವಾಪಸಾಯಿತು. ಮಾರಾಟ ವಿಭಾಗದಲ್ಲಿ ಕೂಗಾಟವಾಯಿತು. ನಮ್ಮ ಕೋಣೆಯಲ್ಲಿ ಏನೂ ಆಗಲಿಲ್ಲ. ಆ ದುಡ್ಡನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೇಡಂ ಹಾಳೆಗೆ ಸಹಿ ಹಾಕಿ ಫೈಲಿಗೆ ಸೇರಿಸಿದರು. ಆ ಸಂಜೆ ನನಗೆ ಯಾಕೋ ಹಬ್ಬದಷ್ಟು ಖುಷಿಯಾಗಿತ್ತು. ಮನೆಯಲ್ಲಿ ಕಾರಣ ಕೇಳಿದರು. "ಇವತ್ತು ಆಫೀಸಲ್ಲಿ ಏನೂ ಆಗ್ಲಿಲ್ಲ" ಎಂದೆ.